ನಾಣಯ್ಯನ ಗಂಟು, ಸಿಂಚನಾಳ ಬಾಣ

ನಾಣಯ್ಯ ಯಾರನ್ನಾದರೂ ನಂಬಬೇಕೆಂದರೆ ಮೊದಲು ಅವರನ್ನು ತಕ್ಕಡಿಗೆ ನೇತುಹಾಕಬೇಕು ಎಂದು ಪಾಲಿಬೆಟ್ಟದ ಕಡೆ ಜನ ತಮಾಷೆ ಮಾಡುತ್ತಿದ್ದರು. ತಮಾಷೆಯಲ್ಲಿ ದೊಡ್ಡ ಸುಳ್ಳೇನೂ ಇರಲಿಲ್ಲ. ಮೂವತ್ತೊಂದು ವರ್ಷ ಅವನು ದೇರಪ್ಪನವರ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಸಂಜೆ ಹೊತ್ತು ಹಣ್ಣು ಕೊಯ್ಯುವ ಪಿಕಿಂಗ್ ಮುಗಿಸಿ ಬಂದವರ ಚೀಲಗಳನ್ನು ತೂಗಿ, ಬಾಯಿ ಕಟ್ಟಿ, ಹೆಸರು ಬರೆಯುವ ಕೆಲಸ. ಚೀಲದ ಅಡಿಯಲ್ಲಿ ಕಲ್ಲು ಹಾಕುವವರು, ಹಣ್ಣಿಗೆ ನೀರು ಚಿಮುಕಿಸುವವರು, ಪಕ್ಕದವರ ಚೀಲದಿಂದ ನಾಲ್ಕು ಬೊಗಸೆ ಎತ್ತಿಕೊಳ್ಳುವವರು, ಎಲ್ಲರನ್ನೂ ಕಂಡವನು. ಅಂಥವರು ನೂರಕ್ಕೆ ಐದು ಮಂದಿ ಇದ್ದಿರಬಹುದು. ನಾಣಯ್ಯ ಮಾತ್ರ ನೂರು ಮಂದಿಯನ್ನೂ ಆ ಐವರಂತೆಯೇ ನೋಡುವುದನ್ನು ರೂಢಿ ಮಾಡಿಕೊಂಡಿದ್ದ.

ಅವನ ಹೆಮ್ಮೆಯೆಲ್ಲ ಒಂದು ಗಂಟಿನಲ್ಲಿತ್ತು. ದಾರವನ್ನು ಎರಡು ಸುತ್ತು ಸುತ್ತಿ, ಒಳಗಿನಿಂದ ಎಡಕ್ಕೆ ತಿರುವಿ, ತುದಿಯನ್ನು ತನ್ನ ಹೊಟ್ಟೆಯೊಳಗೇ ನುಂಗಿಸಿಕೊಳ್ಳುವ ಗಂಟು. ಬೇರೆಯವರು ಬಿಚ್ಚಬಹುದು, ಆದರೆ ಹಾಗೆಯೇ ಮತ್ತೆ ಕಟ್ಟಲಾರರು. ಯಾರಾದರೂ ಚೀಲ ಮುಟ್ಟಿದರೆ ಮರುದಿನ ಗಂಟೇ ಅವನಿಗೆ ಚಾಡಿ ಹೇಳುತ್ತಿತ್ತು. ನಿವೃತ್ತಿಯ ದಿನ ಶಾಲು ಹೊದಿಸಿ, ಇನ್ನೇನು ಬೇಕು ಎಂದು ದೇರಪ್ಪನವರು ಕೇಳಿದಾಗ, ಆ ನೇತಾಡುವ ಡಿಜಿಟಲ್ ತಕ್ಕಡಿಯನ್ನು ಕೊಡಿ ಎಂದಿದ್ದ. ಕೊಟ್ಟರು.

ಮನೆಯಲ್ಲಿ ಕೂತು ಸಕ್ಕರೆ ಡಬ್ಬಿಗೂ ಗಂಟು ಹಾಕತೊಡಗಿದಾಗ ಹೆಂಡತಿ ಗಂಗಮ್ಮನೇ ಹೋಗಿ ದೇರಪ್ಪನವರಿಗೆ ಹೇಳಿ ಅವನಿಗೊಂದು ಕೆಲಸ ಹುಡುಕಿಸಿದಳು. ಎಸ್ಟೇಟಿನ ಹಳೆಯ ಕಾಫಿ ಕಣದಲ್ಲಿ ದೇರಪ್ಪನವರು ಆಗಷ್ಟೇ ಬಿಲ್ಲುಗಾರಿಕೆಯ ತರಬೇತಿ ಶುರು ಮಾಡಿಸಿದ್ದರು. ಕಣದ ತುದಿಗೆ ಮಣ್ಣಿನ ದಿಬ್ಬ, ಅದರ ಮುಂದೆ ಹುಲ್ಲಿನ ಗುರಿ ಹಲಗೆಗಳು. ಮಡಿಕೇರಿಯಿಂದ ವಿಷ್ಣುಪ್ರಸಾದ್ ಎಂಬ ಕೋಚ್ ಶನಿವಾರ, ಭಾನುವಾರ ಬರುತ್ತಿದ್ದ. ಅರ್ಚಕರ ಮನೆತನದ ಹುಡುಗ, ಮೆಲುಮಾತಿನವನು. ಮೆಲುಮಾತಿನವರ ಮೇಲೆ ನಾಣಯ್ಯನಿಗೆ ಒಂದು ಹಿಡಿ ಜಾಸ್ತಿಯೇ ಅನುಮಾನ. ಬಿಲ್ಲು ಬಾಣ ಇಡುವ ಕೋಣೆಯ ಬೀಗದ ಕೈ ನಾಣಯ್ಯನ ಸೊಂಟಕ್ಕೆ ಬಂತು.

ತರಬೇತಿಗೆ ಬರುತ್ತಿದ್ದ ಹನ್ನೊಂದು ಮಕ್ಕಳಲ್ಲಿ ಸಿಂಚನಾ ಎಸ್ಟೇಟಿನ ಕೂಲಿಯವರಿರುವ ಲೈನ್ ಮನೆಯವಳು. ಏಳನೇ ತರಗತಿ. ಅವಳ ತಾಯಿ ಚಲುವಮ್ಮ ಅದೇ ಎಸ್ಟೇಟಿನಲ್ಲಿ ಹದಿನೈದು ವರ್ಷದಿಂದ ಕಾಫಿ ಕೊಯ್ಯುತ್ತಿದ್ದಳು. ಬಿಲ್ಲು ಹಿಡಿದರೆ ಈ ಹುಡುಗಿ ಅಲುಗಾಡುತ್ತಿರಲಿಲ್ಲ. ಮಡಿಕೇರಿಯಲ್ಲಿ ಮುಂದಿನ ಭಾನುವಾರ ಕ್ರೀಡಾ ಹಾಸ್ಟೆಲಿಗೆ ಮಕ್ಕಳನ್ನು ಆರಿಸುವವರಿದ್ದರು. ಅಲ್ಲಿ ಸೇರಿದರೆ ಊಟ, ವಸತಿ, ಓದು ಎಲ್ಲ ಹತ್ತನೇ ತರಗತಿಯವರೆಗೂ ನಡೆಯುತ್ತದೆ. ಇಲ್ಲಿಂದ ಇಬ್ಬರ ಹೆಸರು ಕಳಿಸಬಹುದಿತ್ತು. ಒಂದು, ಕೋಚ್‌ನ ಅಣ್ಣನ ಮಗಳು ಸಂಹಿತಾ, ಬಿಲ್ಲು ಬಾಣ ಎರಡನ್ನೂ ಮನೆಯಿಂದಲೇ ತರುತ್ತಿದ್ದವಳು. ಇನ್ನೊಂದು ಸಿಂಚನಾ ಎಂದು ಎಲ್ಲರೂ ಅಂದುಕೊಂಡಿದ್ದರು. ಚಲುವಮ್ಮ ಆಗಲೇ ಒಂದು ಟ್ರಂಕಿಗೆ ಬಣ್ಣ ಬಳಿಸಿಟ್ಟಿದ್ದಳು.

ಆದರೆ ಸಿಂಚನಾಳ ಬಾಣಗಳು ಎಡಕ್ಕೆ ಹೋಗುತ್ತಿದ್ದವು. ಎಡಕ್ಕೆ ಮತ್ತು ಕೆಳಕ್ಕೆ. ಆರು ಬಿಟ್ಟರೆ ಆರೂ ಅಲ್ಲಿಗೇ. ಬಿಲ್ಲಿನ ಮೇಲಿದ್ದ ಗುರಿಕಡ್ಡಿಯನ್ನು ಕೋಚ್ ಎಡಕ್ಕೆ ಸರಿಸಿ ಸರಿಸಿ, ಇನ್ನು ಸರಿಸಲು ಜಾಗವಿಲ್ಲದಷ್ಟು ಸರಿಸಿಬಿಟ್ಟಿದ್ದ.

"ಹೆದೆ ಬಿಡುವಾಗ ಬೆರಳು ಹೊರಗೆ ಎಳೀತಿದ್ದೀಯ ಸಿಂಚನಾ. ಸಡಿಲ ಬಿಡು, ಅಷ್ಟೇ," ಎಂದು ಅವನು ಮೂರು ವಾರದಿಂದ ಹೇಳುತ್ತಲೇ ಇದ್ದ. ಆ ಶನಿವಾರ ಬೆಳಿಗ್ಗೆ ಹಾಗೆ ಹೇಳುವುದನ್ನೂ ನಿಲ್ಲಿಸಿದ. ಹುಡುಗಿಯನ್ನು ಪಕ್ಕಕ್ಕೆ ಕರೆದು, ಈ ವರ್ಷ ಬೇಡ, ಅಷ್ಟು ಜನರ ಎದುರು ಹೀಗಾದರೆ ನಿನಗೇ ಬೇಜಾರು, ಮುಂದಿನ ವರ್ಷ ನೋಡೋಣ ಎಂದ. ಹೆಸರುಗಳ ಪಟ್ಟಿ ಮರುದಿನ ಸಂಜೆಯೇ ಹೋಗಬೇಕಿತ್ತು. ಸಿಂಚನಾ ಅಳಲಿಲ್ಲ. ಕೈಗೆ ಕಟ್ಟಿದ್ದ ಚರ್ಮದ ಪಟ್ಟಿಯನ್ನು ಬಿಚ್ಚಿ, ತಂದು ನಾಣಯ್ಯನ ಮೇಜಿನ ಮೇಲೆ ಇಟ್ಟು ಹೋದಳು. ಅದನ್ನು ನೋಡಿ ನಾಣಯ್ಯನಿಗೆ ಸಂಕಟವಾಯಿತು. ಸಂಕಟವಾದಾಗಲೆಲ್ಲ ಅವನು ಮಾಡುತ್ತಿದ್ದುದು ಒಂದೇ: ಯಾರ ಮೇಲಾದರೂ ಅನುಮಾನ ಪಡುವುದು.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿಯ ಎದುರು ಅವನ ಮನೆಮಾತು ಅರೆಭಾಷೆ ಹೊರಬಿತ್ತು.

"ಅಣ್ಣನ ಮಗಳದ್ ಮಾತ್ರ ನೆಟ್ಟಗೆ ಹೋದೆ. ಈ ಗೂಡೆ ಸಿಂಚನಾಂದ್ ಎಡಕ್ಕೆ ಹೋದೆ. ಇದರೊಳಗೆ ಏನೋ ಮೋಸ ಉಟ್ಟು ಗಂಗೂ."

"ನಿಮ್ಗೆ ಯಾರ ಮೇಲೆ ಸಂಶಯ ಇಲ್ಲೆ, ಅದ್ನ ಹೇಳಿ ನೋಡುವ," ಎಂದಳು ಗಂಗಮ್ಮ, ಸಾರು ಬಡಿಸುತ್ತ.

"ಬೇರೆ ಮಕ್ಕಳ ಬಾಣ ಊರೆಲ್ಲ ಚೆಲ್ಲಿ ಬಿದ್ದದೆ. ಇವಳ ಆರೂ ಒಂದು ಅಂಗೈ ಅಗಲದಲ್ಲಿ ಉಟ್ಟು. ಕೈ ಸರಿ ಇಲ್ಲದವಳು ಆರನ್ನೂ ಒಂದೇ ಕಡೆ ಹೇಗೆ ಹೊಡೆದಾಳು?"

ಮುದುಕ ಹೇಳಿದ ಇಷ್ಟು ಮಾತು ಸರಿಯಾಗಿಯೇ ಇತ್ತು. ಅಲ್ಲಿಗೇ ನಿಲ್ಲಿಸಿ ಯೋಚಿಸಿದ್ದರೆ ಮುಂದಿನ ಮಾನ ಹೋಗುವ ಕೆಲಸ ತಪ್ಪುತ್ತಿತ್ತು. ನಾಣಯ್ಯ ತಕ್ಕಡಿ ತೆಗೆದುಕೊಂಡು ಕಣದ ಕಡೆ ಹೊರಟ.

ದಾರಿಯಲ್ಲಿ ಲೈನ್ ಮನೆಗೆ ಹೋಗಿ ಸಿಂಚನಾಳನ್ನು ಕರೆದ. ಚಲುವಮ್ಮ ಬಾಗಿಲಲ್ಲೇ ನಿಂತು, "ಇನ್ನೇನು ತೂಗೋದಿದೆ ರೈಟ್ರೇ, ನಮ್ಮನೆಯಿಂದ?" ಎಂದು ಕೇಳಿದಳು. ಅವಳು ನಾಣಯ್ಯನೊಡನೆ ಯಾವತ್ತೂ ಅಷ್ಟೇ ಮಾತನಾಡುತ್ತಿದ್ದುದು. ಅದಕ್ಕೊಂದು ಹಳೆಯ ಕಾರಣವಿತ್ತು. ಅವಳು ಹೊಸದಾಗಿ ಮದುವೆಯಾಗಿ ಬಂದ ವರ್ಷ, ಎಲ್ಲರೂ ಎಂಬತ್ತು ಕೆಜಿ ಕೊಯ್ದ ದಿನ ಇವಳೊಬ್ಬಳದು ನೂರು ದಾಟಿತ್ತು. ನಾಣಯ್ಯ ನಂಬಲಿಲ್ಲ. ಎಲ್ಲರ ಎದುರು ಅವಳ ಚೀಲಗಳನ್ನು ನೆಲಕ್ಕೆ ಸುರಿಸಿ ಕಲ್ಲು ಹುಡುಕಿದ. ಕಲ್ಲು ಸಿಗಲಿಲ್ಲ. ತುಂಬ್ಕೊ ಎಂದು ಹೇಳಿ ಮುಂದಿನವರನ್ನು ಕರೆದಿದ್ದ. ಕತ್ತಲಾಗುವವರೆಗೆ ಅವಳು ಒಬ್ಬಳೇ ಕೂತು ಹಣ್ಣು ಬಾಚಿ ತುಂಬಿದ್ದಳು.

ಕಣದಲ್ಲಿ ನಾಣಯ್ಯ ಸಿಂಚನಾಳಿಗೆ ಅವಳ ಬಿಲ್ಲು ಕೊಟ್ಟು, ಬಾಣ ಹೂಡಿ ಪೂರ್ತಿ ಎಳೆದು ನಿಲ್ಲಲು ಹೇಳಿದ. ಪಕ್ಕದಲ್ಲಿ ನಿಂತು, ಬಾಣದ ಮೇಲೆ, ಅದು ಬಿಲ್ಲಿನ ಮುಂಭಾಗವನ್ನು ದಾಟುವ ಜಾಗದಲ್ಲಿ ಸೀಮೆಸುಣ್ಣದ ಗೀರು ಹಾಕಿದ. ಅವಳು ಮೆಲ್ಲಗೆ ಹೆದೆ ಇಳಿಸಿದಳು. ಆಮೇಲೆ ಹೆದೆಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಗೀರು ಅದೇ ಜಾಗಕ್ಕೆ ಬರುವವರೆಗೆ ಬಿಲ್ಲನ್ನು ಕೆಳಕ್ಕೆ ಎಳೆದ. ಒಂಬತ್ತೂವರೆ ಕೆಜಿ. ಬಿಲ್ಲಿನ ಮೇಲೆ ಇಪ್ಪತ್ತನಾಲ್ಕು ಪೌಂಡ್ ಎಂದು ಬರೆದಿತ್ತು. ಮೊಮ್ಮಗನ ಪುಸ್ತಕದಲ್ಲಿ ನೋಡಿ ಪೌಂಡಿನ ಲೆಕ್ಕ ಕಲಿತಿದ್ದ. ಹತ್ತು ಕೆಜಿ ಒಂಬೈನೂರು ಗ್ರಾಂ ಬರಬೇಕು. ಸುಮಾರು ಒಂದೂವರೆ ಕೆಜಿ ಕಡಿಮೆ.

ಆ ಒಂದೂವರೆ ಕೆಜಿ ಸಿಕ್ಕಿದಾಗ ನಾಣಯ್ಯನಿಗೆ ಆದ ಸಂತೋಷ ಹೇಳತೀರದು. ತೂಕದಲ್ಲಿ ಮೋಸ. ಅವನಿಗೆ ಚೆನ್ನಾಗಿ ಗೊತ್ತಿದ್ದ ಪಾಪ ಅದೊಂದೇ. ಸತ್ವ ಹೋದ ಬಿಲ್ಲನ್ನು ಲೈನ್ ಮನೆಯ ಹುಡುಗಿಗೆ ಅಂಟಿಸಿ, ಅಣ್ಣನ ಮಗಳನ್ನು ಮೇಲೆತ್ತುವ ಹುನ್ನಾರ ಎಂದು ತೀರ್ಮಾನಿಸಿದ. ನೆಟ್ಟಗೆ ದೇರಪ್ಪನವರ ಬಂಗಲೆಗೆ ಹೋಗಿ ಅದನ್ನೇ ಹೇಳಿದ.

ದೇರಪ್ಪನವರು ಮೆಣಸು ಒಣಗಿಸಿದ್ದನ್ನು ನೋಡುತ್ತಿದ್ದರು. "ಎಂತ ನಾಣಯ್ಯ, ಗೊತ್ತಿದ್ದು ಹೇಳ್ತಿದ್ದೀಯೋ, ಅಂದಾಜಲ್ಲಿ ಹೇಳ್ತಿದ್ದೀಯೋ?"

"ತೂಗಿ ಹೇಳ್ತಿದ್ದೇನೆ ಸ್ವಾಮಿ."

"ನಾಳೆ ಬೆಳಿಗ್ಗೆ ಕೋಚ್ ಎದುರೇ ತೂಗುವ. ನೀನು ಹೇಳಿದ್ದು ಹೌದಾದ್ರೆ ಅವ್ರು ಮುಂದಿನ ವಾರದಿಂದ ಬರೋದು ಬೇಡ."

ಭಾನುವಾರ ಬೆಳಿಗ್ಗೆ ಕಣದಲ್ಲಿ ದೇರಪ್ಪನವರು, ಕೋಚ್, ಸಿಂಚನಾ ಇದ್ದರು. ಕರೆಯದಿದ್ದರೂ ಚಲುವಮ್ಮ ಬಂದಿದ್ದಳು. ನಾಣಯ್ಯ ಬಿಲ್ಲನ್ನು ಎಲ್ಲರ ಎದುರು ತೂಗಿ ತೋರಿಸಿದ. ಒಂಬತ್ತೂವರೆ.

ವಿಷ್ಣುಪ್ರಸಾದನ ಮುಖ ಕೆಂಪಾಯಿತು. ಆದರೂ ದನಿ ಏರಿಸಲಿಲ್ಲ. "ನಾಣಯ್ಯನವರೇ, ಇಪ್ಪತ್ತನಾಲ್ಕು ಅಂತ ಬರೆದಿರೋದು ಇಪ್ಪತ್ತೆಂಟು ಇಂಚು ಎಳೆದಾಗ ಬರೋ ಭಾರ. ಅವಳ ಕೈ ಸಣ್ಣದು, ಇಪ್ಪತ್ತಾರು ಇಂಚು ಮಾತ್ರ ಎಳೀತಾಳೆ. ಕಮ್ಮಿ ಎಳೆದರೆ ಭಾರವೂ ಕಮ್ಮಿ. ಇನ್ನೆರಡು ಇಂಚು ಎಳೆದು ನೋಡಿ."

ನಾಣಯ್ಯ ಎಳೆದ. ತಕ್ಕಡಿ ಹತ್ತು ಕೆಜಿ ಒಂಬೈನೂರು ತೋರಿಸಿತು. ಅವನ ಸ್ವಂತ ತಕ್ಕಡಿ, ಬೇಕೆಂದೇ ಅವನ ಮಾನ ಕಳೆಯುತ್ತಿದೆ ಎನ್ನಿಸಿತು.

ದೇರಪ್ಪನವರು ಕೈಗಡಿಯಾರ ನೋಡಿಕೊಂಡರು. ಅಷ್ಟರಲ್ಲಿ ಬಿಡುವ ಆಸಾಮಿಯೇ ನಾಣಯ್ಯ? "ಹಂಗಾದ್ರೆ ಬಾಣ," ಎಂದ. "ಬಿಲ್ಲು ಸರಿ, ಹುಡುಗಿ ಕೈ ಸರಿ. ಬಾಣ ಬಿಡುವಾಗ ಬಿಲ್ಲಿಗೆ ಟಕ್ ಅಂತ ಬಡಿಯೋದು ನನ್ನ ಕಿವಿಗೇ ಕೇಳ್ತದೆ. ಯಾರೋ ಬಾಣ ಬದಲಿಸಿದ್ದಾರೆ."

"ಬಡೀತದಾ?" ಎಂದು ಕೋಚ್ ಸಿಂಚನಾಳ ಕಡೆ ತಿರುಗಿದ.

"ಹೌದು ಸರ್. ನನ್ನ ತಪ್ಪಿಂದ ಅಂದ್ಕೊಂಡೆ," ಎಂದಳು ಅವಳು.

ಕೋಚ್‌ನ ಮುಖದ ಕೆಂಪು ಇಳಿಯಿತು. "ಅವಳ ಬಾಣದ ಕಟ್ಟು ತನ್ನಿ," ಎಂದ.

ಇಲ್ಲಿ ಬಾಣಗಳ ಕಥೆ ಸ್ವಲ್ಪ ಹೇಳಬೇಕು. ತರಬೇತಿ ಶುರುವಾದಾಗ ಎರಡು ಪೆಟ್ಟಿಗೆ ಬಾಣ ಬಂದಿದ್ದವು. ಒಂದರ ಮೇಲೆ ಐನೂರು, ಇನ್ನೊಂದರ ಮೇಲೆ ಸಾವಿರ ಎಂಬ ಅಂಕಿ. ಒಂದು ಚಿಕ್ಕ ಮಕ್ಕಳ ಹಗುರ ಬಿಲ್ಲಿಗೆ, ಇನ್ನೊಂದು ಮುಂದೆ ಬರಲಿದ್ದ ಕಾಲೇಜು ಹುಡುಗರ ಗಟ್ಟಿ ಬಿಲ್ಲಿಗೆ. ಹಗುರ ಬಿಲ್ಲಿನವರಿಗೆ ಬಗ್ಗುವ ಬಾಣ, ಗಟ್ಟಿ ಬಿಲ್ಲಿನವರಿಗೆ ಗಟ್ಟಿ ಬಾಣ, ನಂಬರ್ ನೋಡಿ ಕಟ್ಟಿಡಿ ಎಂದು ಕೋಚ್ ಫೋನಿನಲ್ಲಿ ಹೇಳಿದ್ದ. ಯಾವ ನಂಬರ್ ಯಾವುದಕ್ಕೆ ಎಂದು ನಾಣಯ್ಯ ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲ ಎಂದು ತಿಳಿದುಬಿಡುತ್ತದಲ್ಲ. ಕಟ್ಟು ಕಟ್ಟಿ, ಚಿಕ್ಕವರದಕ್ಕೆ ಬಿಳಿ ಟೇಪು, ದೊಡ್ಡವರದಕ್ಕೆ ಕೆಂಪು ಟೇಪು ಸುತ್ತಿದ. ಯಾರೂ ಅದಲು ಬದಲು ಮಾಡಬಾರದೆಂದು ಟೇಪನ್ನು ಪ್ರತಿ ಬಾಣದ ಅಂಕಿಯ ಮೇಲೆಯೇ ಸುತ್ತಿದ. ಕಟ್ಟಿನ ಬಾಯಿಗೆ ತನ್ನ ಗಂಟು. ದಿನಾ ಸಂಜೆ ಎಣಿಸಿ ಮತ್ತೆ ಅದೇ ಗಂಟು.

ಈಗ ಕೋಚ್ ಕಣದ ಪಕ್ಕದ ಮೆಣಸಿನ ಗೋದಾಮಿನ ಬಾಗಿಲ ಚೌಕಟ್ಟಿಗೆ ಆತುಕೊಂಡಿದ್ದ ಹಲಗೆಗೆ ಎರಡು ಮೊಳೆ ಹೊಡೆದ. ನಡುವೆ ಸರಿಯಾಗಿ ಇಪ್ಪತ್ತೆಂಟು ಇಂಚು. ದೇರಪ್ಪನವರ ಸಣ್ಣ ತಕ್ಕಡಿಯಲ್ಲಿ ಎಂಟುನೂರ ಎಂಬತ್ತು ಗ್ರಾಂ ಕರಿಮೆಣಸು ತೂಗಿಸಿ ಒಂದು ಚೀಲಕ್ಕೆ ಹಾಕಿಸಿದ, ಚೀಲದ ತೂಕವೂ ಸೇರಿ.

"ಬಾಣಕ್ಕೊಂದು ಬೆನ್ನು ಇರ್ತದೆ," ಎಂದ, ಎಲ್ಲರಿಗೂ ಹೇಳುವಂತೆ. "ಸ್ಪೈನ್ ಅಂತಾರೆ. ಹೆದೆ ಬಿಟ್ಟಾಗ ಬಾಣ ನೆಟ್ಟಗೆ ಹೋಗೋದಿಲ್ಲ, ಬಳುಕುತ್ತದೆ. ಬಳುಕಿ ಬಿಲ್ಲನ್ನು ಸುತ್ತಿ ಹೋಗ್ತದೆ. ಬಿಲ್ಲಿನ ಶಕ್ತಿಗೆ ತಕ್ಕಷ್ಟು ಬಳುಕಬೇಕು. ತೀರಾ ಗಟ್ಟಿ ಬಾಣವಾದರೆ ಬಳುಕೋದೇ ಇಲ್ಲ, ಬಿಲ್ಲಿಗೆ ಬಡಿದು ಎಡಕ್ಕೆ ಹೋಗ್ತದೆ. ಬಲಗೈಯಲ್ಲಿ ಎಳೆಯುವವರಿಗೆ ಎಡಕ್ಕೆ."

ನಾಣಯ್ಯ ಗಂಟು ಬಿಚ್ಚಿ ಒಂದು ಬಾಣ ಕೊಟ್ಟ. ಅದನ್ನು ಎರಡು ಮೊಳೆಗಳ ಮೇಲೆ ಮಲಗಿಸಿ, ನಟ್ಟನಡುವೆ ಮೆಣಸಿನ ಚೀಲ ತೂಗುಹಾಕಿದರು. ಬಾಣ ಜಗ್ಗಿತು. ಕೋಚ್ ಸ್ಕೇಲು ಹಿಡಿದು ನೋಡಿದ. ಅರ್ಧ ಇಂಚು.

"ಒಂದು ಇಂಚು ಜಗ್ಗಬೇಕಿತ್ತು," ಎಂದು ಉಗುರಿನಿಂದ ಬಿಳಿ ಟೇಪನ್ನು ಸುಲಿದ. ಕೆಳಗೆ ಐನೂರು ಎಂದಿತ್ತು. "ಈ ನಂಬರ್ ಅಂದರೆ ಬಾಣ ಎಷ್ಟು ಜಗ್ಗುತ್ತದೆ ಅನ್ನೋ ಲೆಕ್ಕ. ಐನೂರು ಅಂದರೆ ಅರ್ಧ ಇಂಚು, ಸಾವಿರ ಅಂದರೆ ಒಂದು ಇಂಚು. ನಂಬರ್ ದೊಡ್ಡದಾದಷ್ಟೂ ಬಾಣ ಮೆತ್ತಗೆ."

ಮೂವತ್ತೊಂದು ವರ್ಷ ನಾಣಯ್ಯನ ಲೋಕದಲ್ಲಿ ದೊಡ್ಡ ಅಂಕಿಯೆಂದರೆ ದೊಡ್ಡ ಭಾರ, ದೊಡ್ಡ ಬಲ. ಸಾವಿರ ಎಂದು ಬರೆದದ್ದು ಗಟ್ಟಿ ಅಲ್ಲದೆ ಇನ್ನೇನು ಎಂದು ಅವನು ಅರೆಗಳಿಗೆಯೂ ಯೋಚಿಸಿರಲಿಲ್ಲ.

ಕೋಚ್ ಕೆಂಪು ಟೇಪಿನ ಬಾಣವೊಂದನ್ನು ತರಿಸಿ ಎರಡನ್ನೂ ಸಣ್ಣ ತಕ್ಕಡಿಗೆ ಹಾಕಿದ. ಬಿಳಿಯದು ಇಪ್ಪತ್ತೆರಡು ಗ್ರಾಂ, ಕೆಂಪಿನದು ಹದಿನಾರು. "ಇದಕ್ಕೇ ಕೆಳಕ್ಕೂ ಬೀಳ್ತಿತ್ತು. ಅವಳು ಎಳೆಯೋದು ಇಪ್ಪತ್ತೊಂದು ಪೌಂಡ್. ಅದಕ್ಕೆ ಹದಿನಾರು ಗ್ರಾಂ ಧಾರಾಳ ಸಾಕು. ಹಾಗಂತ ಹಗುರ ಆದಷ್ಟೂ ಒಳ್ಳೇದು ಅಂತಲ್ಲ. ಇದೇ ಬಾಣವನ್ನು ಕಾಲೇಜು ಹುಡುಗರು ನಲವತ್ತು ಪೌಂಡಿನ ಬಿಲ್ಲಿಗೆ ಹೂಡಿದ್ದರೆ, ಬಿಡುವಾಗಲೇ ಸೀಳಿ ಕೈಗೆ ಚುಚ್ಚಬಹುದಿತ್ತು. ಬಿಲ್ಲೂ ಪೆಟ್ಟು ತಿನ್ನುತ್ತಿತ್ತು." ಕಾಲೇಜು ಹುಡುಗರು ಬರುವುದು ಮುಂದಿನ ತಿಂಗಳು. ಕೆಂಪು ಕಟ್ಟುಗಳು ಅವರಿಗಾಗಿ ಸಿದ್ಧವಾಗಿ ಕಪಾಟಿನಲ್ಲಿ ಕೂತಿದ್ದವು.

"ಯಾರು ಬದಲಿಸಿದ್ದು?" ಎಂದರು ದೇರಪ್ಪನವರು. "ಈ ಕಟ್ಟು ಬೇರೆ ಯಾರಾದ್ರೂ ಬಿಚ್ಚಿದ್ರಾ ನಾಣಯ್ಯ?"

ಎಲ್ಲರೂ ಅವನನ್ನೇ ನೋಡಿದರು. ನಾಣಯ್ಯ ಇನ್ನೂ ಬಿಚ್ಚದಿದ್ದ ಒಂದು ಕಟ್ಟನ್ನು ಕೈಗೆತ್ತಿಕೊಂಡ. ಎರಡು ಸುತ್ತು, ಒಳಗಿನಿಂದ ಎಡಕ್ಕೆ, ತುದಿ ಹೊಟ್ಟೆಯೊಳಗೆ. ಅವನದೇ ಗಂಟು. ಬೇರೆ ಯಾರೂ ಮುಟ್ಟಿರಲಿಲ್ಲ. ಮೂವತ್ತೊಂದು ವರ್ಷ ಬೇರೆಯವರನ್ನು ಹಿಡಿದುಕೊಟ್ಟ ಗಂಟು ಈಗ ಅವನನ್ನೇ ಹಿಡಿದಿತ್ತು.

ಯಾರೋ ನನ್ನ ಗಂಟು ಕಲಿತಿದ್ದಾರೆ ಎಂದು ಹೇಳಿಬಿಡುವ ಮಾತು ನಾಲಿಗೆಯ ತುದಿಗೆ ಬಂತು, ಇದನ್ನು ಮುಚ್ಚಿಡುವುದಿಲ್ಲ. ಅವನ ಮಾತನ್ನು ದೇರಪ್ಪನವರು ನಂಬುತ್ತಿದ್ದರು. ಕೋಚ್ ಮುಂದಿನ ವಾರದಿಂದ ಬರುತ್ತಿರಲಿಲ್ಲ. ಕೋಚ್ ಇಲ್ಲವೆಂದರೆ ಪಟ್ಟಿಗೆ ಸಹಿ ಹಾಕುವವರಿಲ್ಲ, ಸಿಂಚನಾಳ ಹೆಸರೂ ಇಲ್ಲ. ನಾಣಯ್ಯ ತಲೆ ಎತ್ತಿದಾಗ ಎದುರಿಗೆ ಸಿಕ್ಕಿದ್ದು ಚಲುವಮ್ಮನ ಕಣ್ಣು. ಈ ಮನುಷ್ಯ ಈಗ ಏನು ಹೇಳುತ್ತಾನೆಂದು ಮೊದಲೇ ಗೊತ್ತಿರುವವಳಂತೆ ನಿಂತಿದ್ದಳು.

"ಯಾರೂ ಬದಲಿಸಲಿಲ್ಲ ಸ್ವಾಮಿ," ಎಂದ ನಾಣಯ್ಯ. "ನಾನೇ ತಪ್ಪು ಕಟ್ಟಿದ್ದು. ಸಾವಿರ ಅಂದ್ರೆ ಗಟ್ಟಿ ಅಂದುಕೊಂಡೆ. ನಂಬರ್ ಕಾಣದ ಹಾಗೆ ಟೇಪು ಸುತ್ತಿದ್ದೂ ನಾನೇ. ಮೇಷ್ಟ್ರದ್ದು ಏನೂ ಇಲ್ಲ."

ಕೋಚ್‌ಗೆ ಸಿಟ್ಟು ಬರಬೇಕಿತ್ತು, ಬಂದೂ ಇತ್ತು. ಆದರೆ ಅವನು, "ಒಂದು ಟೇಪು ಸುಲಿದು ನೋಡಬೇಕು ಅಂತ ನನಗೂ ಹೊಳೆಯಲಿಲ್ಲ. ಮೂರು ವಾರ ಮಗುವಿನ ಬೆರಳನ್ನೇ ಬೈದೆ," ಎಂದ. ಮೆಲುಮಾತಿನವರಲ್ಲೂ ಒಳ್ಳೆಯವರು ಇರುತ್ತಾರೆಂದು ನಾಣಯ್ಯನಿಗೆ ಅರವತ್ತೆರಡನೇ ವಯಸ್ಸಿನಲ್ಲಿ ತಿಳಿಯಿತು.

ಕೋಚ್ ಗುರಿಕಡ್ಡಿಯನ್ನು ಮೊದಲಿನಂತೆ ನಡುವಿಗೆ ತಂದ. ಸಿಂಚನಾ ಚರ್ಮದ ಪಟ್ಟಿ ಕಟ್ಟಿಕೊಳ್ಳಲು ಕೈ ಚಾಚಿದಳು. ಅದನ್ನು ಕಟ್ಟಿದವನು ನಾಣಯ್ಯ. ಅವಳು ಸಾವಿರದ ಬಾಣ ಹೂಡಿ, ಎಳೆದು, ಬಿಟ್ಟಳು. ಟಕ್ ಎಂಬ ಸದ್ದು ಬರಲಿಲ್ಲ. ಹೆದೆಯ ಗುಂಯ್ ಮಾತ್ರ, ಆಮೇಲೆ ಹುಲ್ಲಿಗೆ ಬಾಣ ನೆಟ್ಟ ಮೆತ್ತನೆಯ ಸದ್ದು. ಆರು ಬಾಣ. ಆರೂ ಮತ್ತೆ ಒಂದು ಅಂಗೈ ಅಗಲದಲ್ಲಿ, ಆದರೆ ಈ ಸಲ ನಡುವಿನ ಹಳದಿಗೆ ಒತ್ತಿಕೊಂಡು, ಒಂದಿಷ್ಟು ಮೇಲೆ.

"ಕಡ್ಡಿ ಸ್ವಲ್ಪ ಮೇಲೆ ಸರಿಸಿದ್ರೆ ಆಯ್ತು," ಎಂದ ಕೋಚ್. ಜೇಬಿನಿಂದ ಪಟ್ಟಿ ತೆಗೆದು ಸಂಹಿತಾಳ ಹೆಸರಿನ ಕೆಳಗೆ ಇನ್ನೊಂದು ಹೆಸರು ಬರೆದ. ದೇರಪ್ಪನವರು ಮೆಣಸಿನ ಚೀಲವನ್ನು ಎತ್ತಿಕೊಂಡು ಗೋದಾಮಿನ ಕಡೆ ಹೋದರು. ಸಿಂಚನಾ ಬಾಣ ಕೀಳಲು ಓಡಿದಳು.

ನಾಣಯ್ಯ ಕೂತು ಪ್ರತಿ ಬಾಣದ ಟೇಪನ್ನೂ ಸುಲಿಯತೊಡಗಿದ. ಚಲುವಮ್ಮ ಬಂದು ಎದುರು ನಿಂತಳು.

"ಮಗು ವಿಷಯದಲ್ಲಿ ತಪ್ಪಾಯ್ತು ಚಲುವಮ್ಮ," ಎಂದ ಅವನು, ತಲೆ ಎತ್ತದೆ.

"ಮಗು ವಿಷಯ ಆಯ್ತು." ಅವಳು ಹೋಗಲಿಲ್ಲ. "ಅವತ್ತು ಚೀಲ ಸುರಿಸಿದ್ರಲ್ಲ ರೈಟ್ರೇ. ಕಲ್ಲು ಸಿಗಲಿಲ್ಲ. ಅವತ್ತೂ ಈ ಮಾತು ಹೇಳಬಹುದಿತ್ತು. ನೂರ ಹದಿನೆಂಟು ಕೆಜಿ. ಪೂರ್ತಿ ನಾನೇ ಕೊಯ್ದದ್ದು."

ನಾಣಯ್ಯನ ಕೈ ನಿಂತಿತು. ಆ ಸಂಜೆಯ ತಕ್ಕಡಿಯನ್ನು ಅವನೂ ಮರೆತಿರಲಿಲ್ಲ. ಮರೆಯಲು ನೋಡಿದ್ದ, ಆಗಿರಲಿಲ್ಲ. ಅನುಮಾನದವಳೆಂದು ಅವತ್ತು ಅವನು ತಕ್ಕಡಿ ತೋರಿಸಿದ್ದಕ್ಕಿಂತ ಒಂದಿಷ್ಟು ಕಡಿಮೆ ಬರೆದಿದ್ದ. ಅದು ಅವನೊಬ್ಬನಿಗೇ ಗೊತ್ತಿತ್ತು.

"ನೂರ ಹದಿನೆಂಟೂವರೆ," ಎಂದ.